ಡಬ್ಬಿ ತಳದಲ್ಲಿ 304 ಅಂತಿದೆ, ಒಳಗಿನ ಬಟ್ಟಲಿನ ಕಥೆನೇ ಬೇರೆ

ಮಗಳ ಊಟದ ಡಬ್ಬಿ. ಹೊರಗೊಂದು ದೊಡ್ಡ ಡಬ್ಬಿ, ಒಳಗೆ ಎರಡು ಬಟ್ಟಲು, ಮೇಲೊಂದು ಮುಚ್ಚಳ, ಎರಡೂ ಕಡೆ ಕ್ಲಿಪ್ಪು. 2022ರಲ್ಲಿ ತುಮಕೂರು ಮಂಡಿಪೇಟೆ ಕಡೆ ಒಂದು ಪಾತ್ರೆ ಅಂಗಡೀಲಿ ತಗೊಂಡಿದ್ದು, ಅಲ್ಲೇ ಮುಚ್ಚಳದ ಮೇಲೆ ಮಗಳ ಹೆಸರೂ ಕೊರೆಸಿದ್ವಿ. ಪಕ್ಕದಲ್ಲಿದ್ದ ಅದೇ ಸೈಜಿನ ಡಬ್ಬಿಗಿಂತ ಹತ್ತಿರ ಹತ್ತಿರ ಡಬಲ್ ರೇಟು, ಯಾಕಪ್ಪ ಅಂದ್ರೆ "ಇದು 304 ಸಾ, ತಿರುಗಿಸಿ ನೋಡಿ ತಳದಲ್ಲೇ ಹೊಡೆದವ್ರೆ" ಅಂದಿದ್ರು. 304 ಅಂದ್ರೆ ಸ್ಟೇನ್‌ಲೆಸ್ ಸ್ಟೀಲ್‌ನ ಒಂದು ಗ್ರೇಡ್. ನೋಡಿದ್ವಿ, ಇತ್ತು, ದುಡ್ಡು ಕೊಟ್ವಿ.

ಈಗ ಪುಳಿಯೋಗರೆ ಹಾಕಿ ಕಳಿಸಿದ ದಿನ ಡಬ್ಬಿ ವಾಪಸ್ ಬಂದಾಗ ಒಳಗಿನ ಬಟ್ಟಲಿನ ಮೂಲೆಯಲ್ಲಿ ಸಣ್ಣ ಸಣ್ಣ ಕಂದು ಚುಕ್ಕೆ ಕಾಣ್ತಿವೆ. ನಮ್ಮನೆಯವಳು "ಇದೇನ್ರೀ ನಿಮ್ಮ 304ಗೆ ತುಕ್ಕು ಹಿಡೀತಾ ಐತೆ" ಅಂತ ಟೇಬಲ್ ಮೇಲಿಟ್ಟು ಹೋದ್ಲು. ಅವತ್ತು ಶನಿವಾರ, ಸರಿ ಇದನ್ನ ಬಿಡಬಾರ್ದು ಅಂತ ಕೂತೆ. ಎರಡು ವಾರಾಂತ್ಯ ಹೋಯ್ತು, ಮಾಡಿದ್ದನ್ನೆಲ್ಲ ಮಾಡಿದ ಕ್ರಮದಲ್ಲೇ ಬರೀತಿದೀನಿ, ಎಡವಿದ್ದನ್ನೂ ಸೇರಿಸಿ.

ತಳ ಓದೋದು

ಮೊದಲ ಕಷ್ಟ ಅಂದ್ರೆ ತಳ ಓದೋಕೇ ಆಗ್ತಿರಲಿಲ್ಲ. ನಮ್ಮದು ಬೋರ್‌ವೆಲ್ ನೀರು, ಬಕೆಟ್ಟಿಗೂ ನಲ್ಲಿಗೂ ಬಿಳಿ ಪೊರೆ ಕಟ್ಟೋ ಹಾಗೆ ಡಬ್ಬಿ ತಳಕ್ಕೂ ಕಟ್ಟಿತ್ತು. ಬಿಸಿನೀರಿಗೆ ನಿಂಬೆ ಉಪ್ಪು ಹಾಕಿ, ಒಂದು ಲೀಟರ್‌ಗೆ ಒಂದು ದೊಡ್ಡ ಚಮಚ, ಅರ್ಧ ಗಂಟೆ ನೆನೆಸಿಟ್ಟು ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿದೆ. ಆಮೇಲೆ ಮೊಬೈಲ್ ಟಾರ್ಚ್‌ನ ನೇರ ಹಾಕದೆ ಅಡ್ಡಡ್ಡವಾಗಿ ಹಿಡಿದರೆ ಒತ್ತಿದ ಅಕ್ಷರದ ನೆರಳು ಬೀಳುತ್ತೆ, ಚೆನ್ನಾಗಿ ಓದ್ಬೋದು.

ಹೊರಗಿನ ಡಬ್ಬಿ ತಳದಲ್ಲಿ ಮೂರು ಇದ್ವು. ಅಚ್ಚಲ್ಲಿ ಒತ್ತಿದ 304, ಅದರ ಕೆಳಗೆ 18/8, ಪಕ್ಕದಲ್ಲಿ ಒಂದು ಲೋಟ ಮತ್ತೆ ಫೋರ್ಕ್ ಚಿತ್ರ. 18/8 ಅಂದ್ರೆ ಕ್ರೋಮಿಯಂ ಸುಮಾರು 18 ಪರ್ಸೆಂಟ್, ನಿಕಲ್ ಸುಮಾರು 8 ಪರ್ಸೆಂಟ್, ಅಂದ್ರೆ 304 ಮತ್ತೆ 18/8 ಎರಡೂ ಒಂದೇ ಮಾತು. 18/0 ಅಂತಿದ್ರೆ ನಿಕಲ್ ಇಲ್ಲ, ಅದು 430 ಜಾತಿ. ಲೋಟ-ಫೋರ್ಕ್ ಚಿತ್ರ ಯುರೋಪ್ ಕಡೆಯ ಗುರುತು, ಆಹಾರ ತಾಗೋ ಸಾಮಾನು ಅಂತ ಹೇಳುತ್ತೆ ಅಷ್ಟೇ, ಯಾವ ಗ್ರೇಡ್ ಅಂತ ಹೇಳಲ್ಲ. ಬರೀ "ಫುಡ್ ಗ್ರೇಡ್" ಅಂತ ಬರೆದಿರೋದೂ ಹಂಗೇ, ಅದು ಗ್ರೇಡ್ ಹೆಸರೇ ಅಲ್ಲ.

ಒಳಗಿನ ಎರಡು ಬಟ್ಟಲು ತಿರುಗಿಸಿದೆ. ಏನೂ ಇಲ್ಲ. ಮುಚ್ಚಳ, ಕ್ಲಿಪ್ಪು, ಅಲ್ಲೂ ಏನೂ ಇಲ್ಲ. ಮೂರು ವರ್ಷದಿಂದ ದಿನಾ ತೊಳೀತಿರೋ ಡಬ್ಬಿ, ಅನ್ನ ಸಾರು ತಾಗೋ ಭಾಗದ ಮೇಲೆ ಸ್ಟ್ಯಾಂಪೇ ಇಲ್ಲ ಅಂತ ಆವತ್ತು ಗೊತ್ತಾಯ್ತು, ಅನ್ನ ತಾಗದೇ ಇರೋ ಹೊರಗಿನ ಡಬ್ಬಿಗೆ ಮಾತ್ರ ಇದೆ.

ತುಕ್ಕಾ, ಅಥವಾ ಬೇರೇನಾ

ಕಂದು ಚುಕ್ಕೆ ಕಂಡ ತಕ್ಷಣ "ಡೂಪ್ಲಿಕೇಟ್" ಅನ್ನೋದು ತಪ್ಪು. ಒಳ್ಳೇ 304 ಮೇಲೂ ಕಂದು ಬರುತ್ತೆ, ಕಾರಣ ಬೇರೆ ಇರುತ್ತೆ. ಕಬ್ಬಿಣದ ನಾರಿನಲ್ಲಿ ಉಜ್ಜಿದ್ರೆ ಅದರ ಪುಡಿ ಸ್ಟೀಲ್ ಮೇಲೆ ಕೂತು, ತುಕ್ಕು ಹಿಡಿಯೋದು ಆ ಪುಡಿಗೆ, ನೋಡೋಕೆ ಪಾತ್ರೆಗೇ ಹಿಡಿದ ಹಾಗೆ. ಕಬ್ಬಿಣದ ಬಾಣಲಿ ಒದ್ದೆ ಇದ್ದಾಗ ಅದರೊಳಗೆ ಸ್ಟೀಲ್ ಬಟ್ಟಲು ಕೂರಿಸಿಟ್ರೂ ಇದೇ ಗತಿ.

ಇದನ್ನ ಬೇರೆ ಮಾಡೋದು ಸುಲಭ. ಬಟ್ಟಲನ್ನೂ ಅದೇ ನಿಂಬೆ ಉಪ್ಪಿನ ನೀರಲ್ಲಿ ಅರ್ಧ ಗಂಟೆ ಇಟ್ಟೆ, ಕಂದು ಪೂರ್ತಿ ಹೋಯ್ತು. ಆಮೇಲೆ ಮೊಬೈಲ್ ಕ್ಯಾಮೆರಾ ಜೂಮ್ ಮಾಡಿ ಮೂಲೆ ನೋಡಿದೆ. ಚುಕ್ಕೆ ಇದ್ದ ಜಾಗದಲ್ಲೆಲ್ಲ ಸೂಜಿ ಮೊನೆ ಚುಚ್ಚಿದ ಹಾಗೆ ಕಪ್ಪು ತೂತು, ಸುಮಾರು ಹನ್ನೊಂದು ಎಣಿಸಿದೆ, ಎಲ್ಲಾ ಗೋಡೆ ಮತ್ತು ತಳ ಸೇರೋ ಬಾಗಿನಲ್ಲೇ. ಉಗುರು ಎಳೆದರೆ ಒಂದೆರಡು ಕಡೆ ತಡೆಯುತ್ತೆ. ಮೇಲೆ ಕೂತ ಪುಡಿ ಆಗಿದ್ರೆ ತೊಳೆದ ಮೇಲೆ ನುಣ್ಣಗಿರ್ಬೇಕು, ತೂತು ಬಿದ್ದಿರ್ಬಾರ್ದು. ಮತ್ತೆ ನಾಲ್ಕು ದಿನ ಮಾಮೂಲಿ ಹಾಗೇ ಊಟ ಹಾಕಿ ಕಳಿಸಿ, ಮೆತ್ತನೆ ಸ್ಪಾಂಜಲ್ಲಿ ಮಾತ್ರ ತೊಳೆದ್ವಿ, ಐದನೇ ದಿನ ಅದೇ ಜಾಗಗಳಲ್ಲಿ ಕಂದು ವಾಪಸ್. ಸೋ ಇದು ಪಾತ್ರೆಯದ್ದೇ ತುಕ್ಕು. ಹುಣಸೇಹುಳಿ ಒಂದೇ ಇದ್ರೆ ಇಷ್ಟು ಮಾಡಲ್ಲ, ಅದರ ಜೊತೆ ಉಪ್ಪು ಸೇರಿ, ಬೆಳಿಗ್ಗೆ ಏಳಕ್ಕೆ ತುಂಬಿಸಿದ್ದು ಸಂಜೆ ಐದರ ತನಕ ಸಿಂಕ್ ನೋಡದೆ ಬ್ಯಾಗಲ್ಲೇ ಇರುತ್ತಲ್ಲ, ಉಪ್ಪಿನಲ್ಲಿರೋ ಕ್ಲೋರೈಡ್‌ಗೆ ಅಷ್ಟು ಹೊತ್ತು ಸಾಕು.

ಮ್ಯಾಗ್ನೆಟ್ ಎಷ್ಟು ನಂಬ್ಬೋದು

ಎಲ್ಲರೂ ಹೇಳೋದು ಇದನ್ನೇ, ಮ್ಯಾಗ್ನೆಟ್ ಅಂಟಿದ್ರೆ ಡೂಪ್ಲಿಕೇಟ್, ಅಂಟದಿದ್ರೆ 304. ಹಾಳಾದ ಹಾರ್ಡ್ ಡಿಸ್ಕ್‌ನಿಂದ ತೆಗೆದ ಗಟ್ಟಿ ಮ್ಯಾಗ್ನೆಟ್ ಒಂದಿತ್ತು, ದಾರ ಕಟ್ಟಿ ಇಳಿಬಿಟ್ಟು ಒಂದೊಂದೇ ಭಾಗಕ್ಕೆ ಹತ್ತಿರ ತಂದೆ. ಕೈಯಲ್ಲಿ ಹಿಡಿದು ಅಂಟಿಸೋದಕ್ಕಿಂತ ದಾರದಲ್ಲಿ ಬಿಟ್ರೆ ಸಣ್ಣ ಎಳೆತನೂ ಕಾಣುತ್ತೆ.

ಕ್ಲಿಪ್ಪಿಗೆ ಟಕ್ ಅಂತ ಹೋಗಿ ಅಂಟ್ತು. ಹೊರಗಿನ ಡಬ್ಬಿ ತಳದ ಮಧ್ಯಕ್ಕೆ ಏನೂ ಇಲ್ಲ, ಆದ್ರೆ ಅದೇ ಡಬ್ಬಿಯ ಮೂಲೆಗೆ ದಾರ ಸ್ವಲ್ಪ ವಾಲ್ತು. ಒಳಗಿನ ಬಟ್ಟಲಿಗೂ ಸೇಮ್ ಟು ಸೇಮ್, ಮಧ್ಯದಲ್ಲಿ ಇಲ್ಲ, ಮೂಲೇಲಿ ಸ್ವಲ್ಪ.

ಅಂದ್ರೆ ಯಾವುದೂ ತೀರ್ಮಾನ ಆಗ್ಲಿಲ್ಲ, ಆಗೋದೂ ಇಲ್ಲ. ಸ್ಟೀಲ್‌ಗೆ ಮ್ಯಾಗ್ನೆಟ್ ಅಂಟದ ಹಾಗೆ ಮಾಡೋ ಕೆಲಸ ನಿಕಲ್‌ದು. ನಿಕಲ್ ದುಬಾರಿ, ಅದಕ್ಕೆ ಅದನ್ನ ಕಡಿಮೆ ಮಾಡಿ ಮ್ಯಾಂಗನೀಸ್, ನೈಟ್ರೋಜನ್, ಸ್ವಲ್ಪ ತಾಮ್ರ ಹಾಕಿದ್ರೂ ಆ ಕೆಲಸ ನಡೆಯುತ್ತೆ, ಇದೇ 200 ಸೀರೀಸ್. ಮಾರ್ಕೆಟ್ಟಲ್ಲಿ 202, ಜೆ4 ಅಂತಾರಲ್ಲ ಅವೆಲ್ಲ ಇದರ ಮಕ್ಕಳೇ. ಮ್ಯಾಗ್ನೆಟ್‌ಗೆ 304ನೂ ಜೆ4ನೂ ಒಂದೇ. ಇನ್ನು ಮೂಲೇಲಿ ವಾಲಿದ್ದು ಯಾಕೆ ಅಂದ್ರೆ, ಹಾಳೆಯನ್ನ ಪ್ರೆಸ್ಸಲ್ಲಿ ಎಳೆದು ಡಬ್ಬಿ ಮಾಡುವಾಗ ಬಾಗಿದ ಕಡೆ ಲೋಹದ ಒಳಜೋಡಣೆ ಬದಲಾಗುತ್ತೆ, ಅಲ್ಲಿ ಅಸಲಿ 304 ಕೂಡ ಸ್ವಲ್ಪ ಎಳೆಯುತ್ತೆ. ಮೂಲೆಗೆ ಮ್ಯಾಗ್ನೆಟ್ ಹಿಡಿದು "ನೋಡಿ ನಕಲಿ" ಅನ್ನೋರ ಮಾತೂ ನಂಬ್ಬೇಡಿ. ಮ್ಯಾಗ್ನೆಟ್‌ನಿಂದ ನನಗೆ ಸಿಕ್ಕಿದ್ದು ಒಂದೇ ಮಾಹಿತಿ, ಕ್ಲಿಪ್ಪು 430 ಥರದ್ದು. ಅದು ಊಟಕ್ಕೆ ತಾಗಲ್ಲ, ಇರ್ಲಿ.

ಇದೇ ಟೈಮಲ್ಲಿ ಅಮ್ಮ ತನ್ನ ನಾನ್‌ಸ್ಟಿಕ್ ತವಾ ತಂದು "ಇದಕ್ಕೂ ಹಿಡಿ ನೋಡಣ" ಅಂದ್ರು. ತಳಕ್ಕೆ ಗಟ್ಟಿಯಾಗಿ ಅಂಟ್ತು, ಪಕ್ಕಕ್ಕೆ ಅಂಟಲೇ ಇಲ್ಲ. ಯಾಕಂದ್ರೆ ತವಾ ಅಲ್ಯೂಮಿನಿಯಂ, ಇಂಡಕ್ಷನ್ ಮೇಲೆ ಕೆಲಸ ಮಾಡ್ಲಿ ಅಂತ ತಳಕ್ಕೆ ಮಾತ್ರ ಮ್ಯಾಗ್ನೆಟ್ ಹಿಡಿಯೋ ಸ್ಟೀಲ್ ತಟ್ಟೆ ಒತ್ತಿರ್ತಾರೆ. ಅಲ್ಲಿರೋ ಸುರುಳಿ ಗುರುತು ಆ ತಟ್ಟೆ ಬಗ್ಗೆ, ಮೇಲಿನ ಕೋಟಿಂಗ್ ಬಗ್ಗೆ ಅಲ್ಲ. "ಪಿಎಫ್‌ಒಎ ಫ್ರೀ" ಅಂತ ಬರೆದಿದ್ರೂ ಅದು ಕೋಟಿಂಗ್ ತಯಾರಿಸುವಾಗ ಬಳಸ್ತಿದ್ದ ಒಂದು ಕೆಮಿಕಲ್ ಇಲ್ಲ ಅಂತ ಮಾತ್ರ, ಕೋಟಿಂಗ್ ಪಿಟಿಎಫ್‌ಇನೇ, ಅಂದ್ರೆ ಟೆಫ್ಲಾನ್ನೇ ಇರ್ಬೋದು, ಅದನ್ನ 260 ಡಿಗ್ರಿ ಮೇಲೆ ಬಿಸಿ ಮಾಡ್ಬಾರ್ದು, ಖಾಲಿ ತವಾ ಜೋರು ಉರಿಯಲ್ಲಿ ಇಟ್ಟು ಮರೆತ್ರೆ ಕೆಲವೇ ನಿಮಿಷದಲ್ಲಿ ದಾಟಿಬಿಡುತ್ತೆ. ಅಮ್ಮಂಗೆ ಇಷ್ಟೇ ಹೇಳಿ ಡಬ್ಬಿಗೆ ವಾಪಸ್ ಬಂದೆ.

ಗುಜರಿ ಅಣ್ಣನ ಬಾಟ್ಲಿ

304 ಯಾವುದು 202 ಯಾವುದು ಅಂತ ದಿನಾ ನೋಡ್ಬೇಕಾಗಿರೋರು ಯಾರು? ಗುಜರಿಯವರು. ಎರಡರ ಕೆಜಿ ರೇಟಲ್ಲಿ ಭಾರಿ ವ್ಯತ್ಯಾಸ, ತಪ್ಪಿದ್ರೆ ಕೈಯಿಂದ ದುಡ್ಡು ಹೋಗುತ್ತೆ. ನಮ್ಮ ಏರಿಯಾ ಗುಜರಿ ಅಂಗಡಿಗೆ ಬಟ್ಟಲು ತಗೊಂಡು ಹೋಗಿ "ಅಣ್ಣ ಇದು ಯಾವ ಮಾಲು" ಅಂದೆ. ಬೆರಳಲ್ಲಿ ತೂಗಿ ನೋಡಿ, ಡ್ರಾಯರ್‌ನಿಂದ ಒಂದು ಪುಟ್ಟ ಬಾಟ್ಲಿ, ವೈರ್ ಹಾಕಿದ 9 ವೋಲ್ಟ್ ಬ್ಯಾಟರಿ ತೆಗೆದ್ರು. ಅವರಿಗೆ ಗಿರಾಕಿ ಬಂದ್ರು, ಟೆಸ್ಟ್ ಅರ್ಧಕ್ಕೇ ನಿಂತ್ತು, "ಮನೇಲೇ ಮಾಡ್ಕೊಳ್ಳಿ, ಈ ಬಾಟ್ಲಿ ಆನ್‌ಲೈನಲ್ಲೂ ಸಿಗುತ್ತೆ" ಅಂದ್ರು. ತರಿಸಿದೆ.

ಇದರ ಕೆಲಸ ಇಷ್ಟು. ಬಾಟ್ಲಿಯಲ್ಲಿರೋ ದ್ರಾವಣದ ಒಂದು ಹನಿ ಸ್ಟೀಲ್ ಮೇಲೆ ಬಿಟ್ಟು ಬ್ಯಾಟರಿ ಕರೆಂಟ್ ಕೊಟ್ರೆ ಹನಿಯ ಕೆಳಗಿನ ಸ್ಟೀಲ್ ಒಂಚೂರು ಕರಗುತ್ತೆ, ಕರಗಿದ್ದರಲ್ಲಿ ಮ್ಯಾಂಗನೀಸ್ ಜಾಸ್ತಿ ಇದ್ರೆ ಹನಿ ಕೆಂಪಾಗುತ್ತೆ. 304ರಲ್ಲಿ ಮ್ಯಾಂಗನೀಸ್ 2 ಪರ್ಸೆಂಟ್ ಒಳಗೆ, 202ರಲ್ಲಿ 7.5ರಿಂದ 10, ಹಾಗಾಗಿ ವ್ಯತ್ಯಾಸ ಎದ್ದು ಕಾಣುತ್ತೆ. ಒಂದು ಎಚ್ಚರಿಕೆ, ನಿಕಲ್ ಹುಡುಕೋ ಬಾಟ್ಲಿನೂ ಬರುತ್ತೆ, ಅದರಲ್ಲಿ ಕೆಂಪು ಬಂದ್ರೆ ಒಳ್ಳೇದು ಅಂತ ಅರ್ಥ, ಇದಕ್ಕೆ ಪೂರ್ತಿ ಉಲ್ಟಾ. ಲೇಬಲ್ ಓದದೆ ಯಾವನೋ ವಿಡಿಯೋ ನೋಡಿ ಮಾಡಿದ್ರೆ ಒಳ್ಳೇ ಪಾತ್ರೆ ಗುಜರಿಗೆ ಹೋಗುತ್ತೆ.

ಬಟ್ಟಲಿನ ಹೊರಭಾಗದ ತಳದಲ್ಲಿ ಒಂದು ರೂಪಾಯಿ ನಾಣ್ಯಕ್ಕಿಂತ ಸಣ್ಣ ಜಾಗ 400 ನಂಬರ್ ಎಮರಿ ಪೇಪರ್‌ನಲ್ಲಿ ಉಜ್ಜಿ, ಒರೆಸಿ, ಒಂದು ಹನಿ ಬಿಟ್ಟೆ. ಊಟ ತಾಗೋ ಕಡೆ ಮಾಡ್ಬೇಡಿ, ಆ ದ್ರಾವಣ ಆ್ಯಸಿಡ್, ಗ್ಲೌಸ್ ಹಾಕ್ಕೊಳ್ಳಿ. ಬ್ಯಾಟರಿ ವೈರ್ ಒಂದು ಸ್ಟೀಲ್‌ಗೆ, ಇನ್ನೊಂದು ಹನಿಗೆ, ಹತ್ತು ಸೆಕೆಂಡ್. ಗುಳ್ಳೆ ಬಂತು. ಕೆಂಪು ಬರ್ಲಿಲ್ಲ. ಒಂದು ನಿಮಿಷ ಕಾದೆ, ಬರ್ಲಿಲ್ಲ.

ಖುಷಿಯಾಗಿ ಒಳಗೆ ಹೋಗಿ "ನೋಡೇ, 304ನೇ" ಅಂದುಬಿಟ್ಟೆ.

ಆಮೇಲೆ ಯಾಕೋ ಅನುಮಾನ. ತೂತು ಬಿದ್ದಿದ್ದು ಸುಳ್ಳಾ? ಮನೆ ಮೆಟ್ಟಿಲಿಗೆ ರೇಲಿಂಗ್ ಹಾಕಿಸಿದಾಗ ಉಳಿದ 202 ಪೈಪ್ ತುಂಡಿತ್ತು, ಮೇಲೆ 202 ಅಂತ ಪ್ರಿಂಟ್ ಇನ್ನೂ ಇದೆ. ಅದರ ಮೇಲೂ ಮಾಡಿದೆ. ಅದಕ್ಕೂ ಕೆಂಪು ಬರ್ಲಿಲ್ಲ. ಅಲ್ಲಿಗೆ ಗೊತ್ತಾಯ್ತು ತಪ್ಪು ನನ್ನದು ಅಂತ. ವೈರ್ ಉಲ್ಟಾ ಕೊಟ್ಟಿದ್ದೆ. ಬ್ಯಾಟರಿಯ ಪ್ಲಸ್ ಸ್ಟೀಲ್‌ಗೆ ಹೋಗ್ಬೇಕು, ಮೈನಸ್ ವೈರ್ ತುದಿ ಹನಿಯಲ್ಲಿ ಮುಳುಗಿರ್ಬೇಕು, ಸ್ಟೀಲ್‌ಗೆ ತಾಗ್ಬಾರ್ದು. ಸ್ಟೀಲ್ ಕರಗೋದು ಪ್ಲಸ್ ಕಡೆ ಇದ್ದಾಗ ಮಾತ್ರ, ಉಲ್ಟಾ ಇದ್ರೆ ಗುಳ್ಳೆ ಚೆನ್ನಾಗಿ ಬರುತ್ತೆ, ಏನೂ ಕರಗಲ್ಲ, ಎಲ್ಲಾ ಪಾತ್ರೆನೂ 304 ಅಂತ ತೋರ್ಸುತ್ತೆ. ಗೊತ್ತಿರೋ ಒಂದು ಸ್ಯಾಂಪಲ್ ಪಕ್ಕದಲ್ಲಿ ಇಟ್ಕೊಳ್ದೆ ಈ ಟೆಸ್ಟ್ ಮಾಡ್ಲೇಬೇಡಿ.

ಸರಿ ಮಾಡಿ ಮತ್ತೆ ಹಾಕಿದೆ. ಪೈಪ್ ತುಂಡು ಕೆಲವೇ ಸೆಕೆಂಡಲ್ಲಿ ದಾಸವಾಳದ ಕೆಂಪು. ಹೊರಗಿನ ಡಬ್ಬಿ ತಳ, ತಿಳಿ ಹಳದಿ-ಬೂದು ಅಷ್ಟೇ, ಕೆಂಪಿಲ್ಲ. ಒಳಗಿನ ಬಟ್ಟಲು ಎರಡೂ ಪೈಪ್‌ಗಿಂತಲೂ ಜೋರು ಕೆಂಪು. ಮುಚ್ಚಳವೂ ಕೆಂಪು. ಮುಗಿದ ಮೇಲೆ ಸೋಪ್ ಹಾಕಿ ಮೂರು ಸಲ ತೊಳೆದೆ.

ಗನ್ ಹಿಡಿದು ಖಾತ್ರಿ

ಚಿಕ್ಕಪ್ಪನ ಮಗ ವಸಂತನರಸಾಪುರದಲ್ಲಿ ಫ್ಯಾಬ್ರಿಕೇಶನ್ ಕೆಲಸದಲ್ಲಿದಾನೆ, ಅವರಲ್ಲಿ ಬಂದ ಮಾಲು ಚೆಕ್ ಮಾಡೋಕೆ ಎಕ್ಸ್‌ಆರ್‌ಎಫ್ ಗನ್ ಇದೆ. ಹೇರ್ ಡ್ರೈಯರ್ ಥರ ಇರುತ್ತೆ, ಮೂತಿ ಲೋಹಕ್ಕೆ ಒತ್ತಿ ಟ್ರಿಗರ್ ಹಿಡಿದ್ರೆ ಕೆಲವು ಸೆಕೆಂಡಲ್ಲಿ ಯಾವ ಲೋಹ ಎಷ್ಟು ಪರ್ಸೆಂಟ್ ಅಂತ ಸ್ಕ್ರೀನಲ್ಲಿ ಬರುತ್ತೆ. ಎಕ್ಸ್‌ರೇ ಇರೋದ್ರಿಂದ ಕಲಿತವರೇ ಹಿಡೀಬೇಕು, ಕೈಯಲ್ಲಿ ಪಾತ್ರೆ ಹಿಡ್ಕೊಂಡು ಅದಕ್ಕೆ ಗುರಿ ಇಡೋ ಹಾಗಿಲ್ಲ. "ಅಣ್ಣ ಊಟದ ಡಬ್ಬಿ ತಂದಿದೀಯಾ, ಊಟ ಎಲ್ಲಿ" ಅಂತ ಅಲ್ಲಿದ್ದ ಹುಡುಗರೆಲ್ಲ ನಕ್ರು, ಆದ್ರೂ ಮಾಡ್ಕೊಟ್ರು.

ಹೊರಗಿನ ಡಬ್ಬಿ: ಕ್ರೋಮಿಯಂ 18.1, ನಿಕಲ್ 8.0, ಮ್ಯಾಂಗನೀಸ್ 1.3. ಅಸಲಿ 304. ಸ್ಟ್ಯಾಂಪ್ ಸುಳ್ಳು ಹೇಳಿರ್ಲಿಲ್ಲ!

ಒಳಗಿನ ಬಟ್ಟಲು: ಕ್ರೋಮಿಯಂ 15.3, ನಿಕಲ್ 1.2, ಮ್ಯಾಂಗನೀಸ್ 9.2, ತಾಮ್ರ 1.6. ಇದು ಜೆ4 ಲೆಕ್ಕ, 202 ಅಂತ ಕರೆಯೋಕೂ ನಿಕಲ್ ಸಾಲಲ್ಲ. 202ಗೆ 4ರಿಂದ 6 ಬೇಕು.

ತೂತು ಬೀಳೋದು ನಿಕಲ್ ಕಡಿಮೆ ಇರೋದ್ರಿಂದ ಅಂತ ನಾನು ಅಂದ್ಕೊಂಡಿದ್ದೆ. ತಮ್ಮ ತಿದ್ದಿದ. ತುಕ್ಕು ತಡೆಯೋ ಪೊರೆ ಕಟ್ಟೋದು ಮುಖ್ಯವಾಗಿ ಕ್ರೋಮಿಯಂ, ಮ್ಯಾಂಗನೀಸ್ ಜಾಸ್ತಿ ನಿಕಲ್ ಕಡಿಮೆ ಮಾಡಿದ ಸ್ಟೀಲ್‌ನಲ್ಲಿ ಕ್ರೋಮಿಯಂ ಕೂಡ 18ರ ಬದಲು 15-16ಕ್ಕೆ ಇಳಿಸಿರ್ತಾರೆ, ಅದೇ ಪೆಟ್ಟು. ಮೇಲಿಂದ ಮ್ಯಾಂಗನೀಸ್ ಗಂಧಕದ ಜೊತೆ ಸೇರಿ ಅಲ್ಲಲ್ಲಿ ಕಣ ಕಣವಾಗಿ ಕೂತಿರುತ್ತೆ, ಉಪ್ಪು ಮೊದಲು ತಿನ್ನೋದು ಆ ಕಣದ ಸುತ್ತ, ಅದಕ್ಕೆ ತುಕ್ಕು ಹರಡದೆ ಸೂಜಿ ಚುಚ್ಚಿದ ಹಾಗೆ ಆಗೋದು.

ಹಾಗಾದ್ರೆ ವಿಷನಾ?

ಮನೇಲಿ ಮೊದಲ ಪ್ರಶ್ನೆ ಇದೇ. ಅಲ್ಲ. ಕಡಿಮೆ ನಿಕಲ್ ಸ್ಟೀಲ್‌ಗೆ ನಮ್ಮ ದೇಶದಲ್ಲೇ ಐಎಸ್ 15997 ಅಂತ ಸ್ಟ್ಯಾಂಡರ್ಡ್ ಇದೆ, ಅದರ ಹೆಸರಲ್ಲೇ ಪಾತ್ರೆ ಮತ್ತು ಅಡುಗೆಮನೆ ಸಾಮಾನಿಗೆ ಅಂತ ಬರೆದಿದೆ. ಅನ್ನ, ಚಪಾತಿ, ಪಲ್ಯ ಇಟ್ರೆ ಏನೂ ತಕರಾರಿಲ್ಲ. ಹುಳಿ-ಉಪ್ಪು ಎಂಟು ಹತ್ತು ಗಂಟೆ ಕೂರೋದಕ್ಕೆ ಇದು ಸರಿಯಾದ ಮಾಲಲ್ಲ, ಒಂದ್ಸಲ ತೂತು ಬಿದ್ದ ಮೇಲಂತೂ ಅದರೊಳಗೆ ಕೊಳೆ ಕೂತು ತೊಳೆಯೋಕೂ ಆಗಲ್ಲ. ನನ್ನ ತಕರಾರು ಆರೋಗ್ಯಕ್ಕಿಂತ ರೇಟಿನದ್ದು, 304 ದುಡ್ಡು ತಗೊಂಡು ಜೆ4 ಬಟ್ಟಲು ಕೊಟ್ಟಿದಾರೆ. ಉಲ್ಟಾ ಕೂಡ ಹೇಳ್ಬೇಕು, ನಿಕಲ್ ಅಲರ್ಜಿ ಜೋರಾಗಿರೋರಿಗೆ 304ನೇ ಒಳ್ಳೇದು ಅಂತ ಕಣ್ಮುಚ್ಚಿ ಹೇಳೋಕಾಗಲ್ಲ, ಅದರಲ್ಲಿ ನಿಕಲ್ 8 ಪರ್ಸೆಂಟ್ ಇದೆ, ಹೊಸ ಪಾತ್ರೇಲಿ ಹುಳಿ ಕುದಿಸಿದ್ರೆ ಮೊದಲ ಕೆಲವು ಸಲ ಸ್ವಲ್ಪ ಬಿಡುತ್ತೆ, ಬಳಸ್ತಾ ಬಳಸ್ತಾ ಕಮ್ಮಿ ಆಗುತ್ತೆ.

ಐಎಸ್‌ಐ ಮಾರ್ಕ್ ಬಗ್ಗೆನೂ ಇದೇ ಗೊಂದಲ. ಸ್ಟೀಲ್ ಪಾತ್ರೆಗೆ ಐಎಸ್ 14756, ಇದನ್ನ ಕಡ್ಡಾಯ ಮಾಡೋ ಆದೇಶ ಕೇಂದ್ರ ಸರ್ಕಾರದಿಂದ 2024ರ ಮಾರ್ಚ್ 14ರಂದು ಬಂತು. ನಮ್ಮ ಡಬ್ಬಿ 2022ರದ್ದು, ಅದರಲ್ಲಿ ಇಲ್ಲ. ಮಾರ್ಕ್ ಇದ್ರೆ ಅದರ ಮೇಲೆ ಐಎಸ್ ನಂಬರ್, ಕೆಳಗೆ ಸಿಎಂ/ಎಲ್ ಅಂತ ಶುರುವಾಗೋ ಲೈಸೆನ್ಸ್ ನಂಬರ್ ಇರುತ್ತೆ, ಅದನ್ನ ಬಿಐಎಸ್ ಕೇರ್ ಆ್ಯಪಲ್ಲಿ ಹಾಕಿದ್ರೆ ಯಾವ ಕಂಪನಿ, ಯಾವ ಸಾಮಾನು, ಲೈಸೆನ್ಸ್ ಚಾಲ್ತಿ ಇದೆಯಾ ಅಂತ ಬರುತ್ತೆ. ನಂಬರ್ ಇಲ್ಲದ ಬರೀ ಐಎಸ್‌ಐ ಚಿತ್ರ ನಂಬ್ಬೇಡಿ. ಆದ್ರೆ ಮಾರ್ಕ್ ಇದೆ ಅಂದ್ರೆ 304 ಅಂತಲೂ ಅಲ್ಲ, ಗ್ರೇಡ್ ಬೇರೆಯಾಗಿ ಕೇಳ್ಲೇಬೇಕು.

ಅಂಗಡಿಗೆ ವಾಪಸ್

ಬಿಲ್ ಇತ್ತು, ಬಿಲ್ಲಲ್ಲಿ "ಲಂಚ್ ಬಾಕ್ಸ್ 1" ಅಂತ ಮಾತ್ರ ಇತ್ತು, ಗ್ರೇಡ್ ಇಲ್ಲ, ಅದು ನನ್ನ ತಪ್ಪು. ಆದ್ರೂ ಹೋದೆ. ಗಲ್ಲಾದಲ್ಲಿದ್ದ ಹುಡುಗ ಡಬ್ಬಿ ತಿರುಗಿಸಿ ನೋಡಿ "ಸಾ, 304 ಅಂದ್ರೆ ಮಾಡೆಲ್ ನಂಬರ್ ಸಾ" ಅಂದ. ಅವರಪ್ಪ ಒಳಗಿಂದ ಬಂದು ಅವನ ತಲೆಗೊಂದು ಮೊಟಕಿ, "ಹೊರಗಿಂದು 304, ಒಳಗಿಂದು ಕಂಪನಿಯವ್ರು ಬೇರೆ ಕೊಡ್ತಾರೆ, ನಮಗೂ ಹಂಗೇ ಬರೋದು" ಅಂತ ಒಪ್ಪಿಕೊಂಡ್ರು. ದುಡ್ಡು ವಾಪಸ್ ಇಲ್ಲ ಅಂದ್ರು, ಎರಡು ಬಿಡಿ ಬಟ್ಟಲು ಅದೇ ಸೈಜಲ್ಲಿ ಹುಡುಕಿ ಅರ್ಧ ರೇಟಿಗೆ ಕೊಟ್ರು. ಈ ಸಲ ಒಂದೊಂದು ಬಟ್ಟಲಿನ ತಳದಲ್ಲೂ 304 ಇದೆಯಾ ನೋಡಿ, ಬಿಲ್ಲಲ್ಲಿ "304 ಬಟ್ಟಲು 2" ಅಂತ ಬರೆಸ್ಕೊಂಡೆ. ಮನೆಗೆ ಬಂದು ಪೈಪ್ ತುಂಡು ಪಕ್ಕದಲ್ಲಿಟ್ಟು ಹನಿ ಹಾಕಿದೆ, ಪೈಪ್ ಕೆಂಪು, ಬಟ್ಟಲು ಎರಡೂ ಹಳದಿ-ಬೂದು.

ಮುಚ್ಚಳ ಹಳೇದೇ ಇದೆ, ಅದು ಇನ್ನೂ ಜೆ4. ಒಳಮುಖದಲ್ಲಿ ತೂತು ಕಂಡಿಲ್ಲ, ಬಟ್ಟಲನ್ನ ಅಂಚಿನ ತನಕ ತುಂಬದಿದ್ರೆ ಊಟ ಅದಕ್ಕೆ ತಾಗಲ್ಲ, ಮಗಳ ಹೆಸರು ಬೇರೆ ಕೊರೆಸಿದೆ, ಬಿಟ್ಟಿದೀನಿ. ಹಳೇ ಬಟ್ಟಲಲ್ಲಿ ಒಂದಕ್ಕೆ ಅಮ್ಮ ಗುಂಡಿ, ಸೂಜಿ, ದಾರ ಹಾಕ್ಕೊಂಡ್ರು. ಇನ್ನೊಂದು ಗುಜರಿ ಅಣ್ಣಂಗೆ ಕೊಟ್ಟೆ, ಪಕ್ಕದಲ್ಲಿಟ್ಟು ನೋಡೋಕೆ ಗೊತ್ತಿರೋ ಜೆ4 ಸ್ಯಾಂಪಲ್ ಅವರಿಗೂ ಬೇಕಿತ್ತಂತೆ.